ಶುಂಠಿಯೂ ಸರಿ, ಆಲೂಗಡ್ಡೆಯೂ ಸರಿ

ಭಾರ್ಗವನ್ ಮಾಷ್ ಅವರಿಗೆ ಮನುಷ್ಯರಿಗಿಂತ ತಮ್ಮ ಮಾತು ಗೆಲ್ಲುವುದೇ ಮುಖ್ಯವಾಗಿತ್ತು. ಇದನ್ನು ನಾನು ಸಿಟ್ಟಿನಿಂದ ಹೇಳುತ್ತಿಲ್ಲ. ಊರಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು. ಮದುವೆಯ ಕರೆಯೋಲೆ ಕೈಗೆ ಬಂದರೆ ಅದರ ತಪ್ಪುಗಳನ್ನು ತಿದ್ದಿ ವರನ ತಂದೆಗೇ ಹಿಂದಿರುಗಿಸುತ್ತಿದ್ದರು. ಸಾವಿನ ಮನೆಗೆ ಹೋಗಿ, ಸತ್ತವರ ವಯಸ್ಸು ಎಷ್ಟೆಂದು ಮಗನೊಡನೆ ವಾದಕ್ಕಿಳಿದಿದ್ದರು. ಅಲ್ಲೂ ಅವರು ಹೇಳಿದ್ದೇ ಸರಿಯಾಗಿತ್ತು. ಆದರೆ ಆಮೇಲೆ ಅವರನ್ನು ಯಾರೂ ಯಾವುದಕ್ಕೂ ಕರೆಯಲಿಲ್ಲ.

ಪಯ್ಯನ್ನೂರಿನ ಈಚೆಗೆ ನಮ್ಮ ಊರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಲೆ ಮಾಷ್ ದಿನವೂ ಬೆಳಗ್ಗೆ ವಾಚನಾಲಯಕ್ಕೆ ಬಂದು ಪತ್ರಿಕೆ ಓದುತ್ತಿದ್ದರು. ಅವರು ಕೂತ ಬೆಂಚಿನಲ್ಲಿ ಇನ್ನೊಬ್ಬರು ಕೂರುತ್ತಿರಲಿಲ್ಲ. ಮದುವೆಯಾಗಿರಲಿಲ್ಲ. ಹೋಗಿಬರಲು ಇದ್ದದ್ದು ಒಂದೇ ಮನೆ, ಪಕ್ಕದ ಹಿತ್ತಲಿನ ಶೈಜಾಳದು. ಅವಳು ಅವರ ತೀರಿಹೋದ ತಂಗಿಯ ಮಗಳು. ಶೈಜಾಳ ಮಗಳು ಅನಘಾಳಿಗೆ ಸಂಜೆ ಪಾಠ ಹೇಳಿದ ಮೇಲೆ ಅವರಿಗೆ ಅಲ್ಲೇ ಗಂಜಿ, ಹೆಸರುಕಾಳಿನ ಪಲ್ಯ. ದಿನದಲ್ಲಿ ಅವರೊಡನೆ ಯಾರಾದರೂ ಮಾತಾಡಿದರೆ ಆ ಹೊತ್ತಿನಲ್ಲಿ ಮಾತ್ರ.

ಸುತ್ತಲಿನ ವಾಚನಾಲಯಗಳು ಸೇರಿ ಪ್ರತಿವರ್ಷ ಹತ್ತನೆಯ ತರಗತಿ ಮುಗಿಸಿದ ಮಕ್ಕಳಿಗೆ ಒಂದು ಪರೀಕ್ಷೆ ನಡೆಸುತ್ತವೆ. ಮೊದಲು ಬಂದ ಮಗುವಿಗೆ ಎರಡು ವರ್ಷ ಕೋಯಿಕ್ಕೋಡಿನಲ್ಲಿ ಓದು, ಹಾಸ್ಟೆಲು ಉಚಿತ. ಸಿಗುವುದು ಒಬ್ಬರಿಗೆ ಮಾತ್ರ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ಆ ಪರೀಕ್ಷೆಯ ಸಂಯೋಜಕಿ ನಾನು.

ಆ ವರ್ಷ ತಾತ್ಕಾಲಿಕ ಉತ್ತರಸೂಚಿಯನ್ನು ವಾಚನಾಲಯದ ಫಲಕಕ್ಕೆ ಹಾಕಿದೆವು. ತಕರಾರಿದ್ದವರು ಒಂದು ವಾರದೊಳಗೆ ಆಧಾರ ಸಮೇತ ಬರೆದು ಕೊಡಬಹುದು, ಮಗುವೇ ಬರೆಯಬೇಕೆಂದಿಲ್ಲ. ಉತ್ತರಹಾಳೆಯ ಕಾರ್ಬನ್ ಪ್ರತಿ ಮಕ್ಕಳ ಕೈಯಲ್ಲೇ ಇರುತ್ತದೆ, ಆದ್ದರಿಂದ ನಾವು ಫಲಿತಾಂಶ ಹೇಳುವ ಮೊದಲೇ ಊರು ಲೆಕ್ಕ ಹಾಕಿ ಮುಗಿಸಿರುತ್ತದೆ. ಅನಘಾ ಮೊದಲು. ಟೈಲರ್ ಸಫಿಯಾಳ ಮಗಳು ರಮ್ಸೀನ ಒಂದೇ ಒಂದು ಅಂಕ ಹಿಂದೆ. ಶೈಜಾ ಅಂದೇ ಪಾಯಸ ಮಾಡಿ ನೆರೆಮನೆಗಳಿಗೆಲ್ಲ ಹಂಚಿದಳು.

ಗಡುವಿನ ಕೊನೆಯ ದಿನ ಮಾಷ್ ನನ್ನ ಮೇಜಿನ ಮುಂದೆ ನಿಂತು ಒಂದು ಕಾಗದ ಚಾಚಿದರು.

“ಸ್ವೀಕರಿಸಿದೆ ಅಂತ ಇನ್ನೊಂದು ಪ್ರತಿ ಮೇಲೆ ಸಹಿ ಹಾಕಿಕೊಡಿ ಟೀಚರ್.”

“ನಾನೇನು ಕಾಗದ ನುಂಗಿಬಿಡ್ತೀನಾ ಮಾಷೇ?”

“ಕಾಗದ ನುಂಗಿದವರನ್ನ ನೋಡಿದೀನಿ. ಸಹಿ ಹಾಕಿ.”

ಹಾಕಿದೆ. ಓದಿದೆ.

‘ಮಾನ್ಯ ಸಂಯೋಜಕರಿಗೆ. ಇಪ್ಪತ್ತೆಂಟನೆಯ ಪ್ರಶ್ನೆ: ಇವುಗಳಲ್ಲಿ ನೆಲದಡಿಯ ಕಾಂಡ ಯಾವುದು? ಕೊಟ್ಟ ಆಯ್ಕೆಗಳು ಶುಂಠಿ, ಆಲೂಗಡ್ಡೆ, ಗೆಣಸು, ಕ್ಯಾರೆಟ್. ಸೂಚಿಯಲ್ಲಿರುವ ಉತ್ತರ ಶುಂಠಿ. ಗೆಣಸು, ಕ್ಯಾರೆಟ್ ಬೇರುಗಳು. ಆದರೆ ಆಲೂಗಡ್ಡೆಯೂ ಕಾಂಡವೇ. ಅದರ ಕಣ್ಣುಗಳು ಮೊಗ್ಗುಗಳು. ಪಠ್ಯಪುಸ್ತಕದ ಪುಟ ಲಗತ್ತಿಸಿದ್ದೇನೆ. ಆಲೂಗಡ್ಡೆ ಎಂದು ಬರೆದ ಮಕ್ಕಳು ತಪ್ಪು ಮಾಡಿಲ್ಲ. ದಯವಿಟ್ಟು ಪರಿಶೀಲಿಸಬೇಕು. ನನ್ನ ತಂಗಿಯ ಮೊಮ್ಮಗಳು ಅನಘಾ ಶುಂಠಿ ಎಂದು ಬರೆದಿದ್ದಾಳೆ. ಈ ವಿಷಯ ನಿಮಗೆ ತಿಳಿದಿರಲಿ ಎಂದು ಬರೆದೆನೇ ಹೊರತು ಬೇರೆ ಉದ್ದೇಶವಿಲ್ಲ.’

“ರಮ್ಸೀನ ಏನು ಬರೆದಿದಾಳೆ ಗೊತ್ತಾ?” ಎಂದು ಕೇಳಿದೆ.

“ಆಲೂಗಡ್ಡೆ. ಅದಕ್ಕೇ ಕೊನೇ ದಿನದ ತನಕ ಕಾದೆ. ಬೇರೆ ಯಾರಾದ್ರೂ ಬರೀತಾರೇನೋ ಅಂತ.”

ಯಾರೂ ಬರೆದಿರಲಿಲ್ಲ. ಅಚ್ಚಾದ ಸೂಚಿಯೆಂದರೆ ನಮ್ಮ ಊರಿನವರಿಗೆ ವೇದವಾಕ್ಯ.

“ನಮ್ಮ ನೋಟೀಸಿನಲ್ಲಿ ತಕರಾರು ಮಾಡಿದವರ ಹೆಸರು ಹಾಕೋ ಪದ್ಧತಿ ಇಲ್ಲ. ಸಮಿತಿಯ ಹೊರಗೆ ಯಾರಿಗೂ ಗೊತ್ತಾಗಲ್ಲ” ಎಂದೆ.

“ಶೈಜಾಗೂ?”

“ನನ್ನ ಬಾಯಿಂದಂತೂ ಇಲ್ಲ.”

ಅವರು ಕುರ್ಚಿ ಎಳೆದು ಕೂತರು. ಅದುವರೆಗೆ ನಿಂತೇ ಇದ್ದರು. “ಆ ಮಗು ಹತ್ರ ನನಗೆ ಮಾತಾಡೋಕೆ ಇರೋದು ಸಂಜೆ ಪಾಠದ ಅದೊಂದು ಗಂಟೆ ಟೀಚರ್” ಎಂದು ಗೋಡೆಯ ಕಡೆ ನೋಡುತ್ತ ಹೇಳಿದರು. ಮತ್ತೆ ತಕ್ಷಣ, “ನಿಮ್ಮ ಕ್ಯಾಲೆಂಡರು ಹೋದ ತಿಂಗಳದ್ದು” ಎಂದರು.

ಮೂವರ ಸಮಿತಿ ಸೇರಿತು. ತಪ್ಪು ಹೇಗಾಯಿತೆಂದು ಬೇಗನೆ ತಿಳಿಯಿತು. ಪ್ರಶ್ನೆ ಬರೆದವರು ಕೇಳಿದ್ದು ‘ರೈಜೋಮ್ ಯಾವುದು’ ಎಂದು. ನೆಲದಡಿ ಅಡ್ಡಡ್ಡ ಹರಡುವ ಕಾಂಡವೆಂದರೆ ಅದು, ಅದಕ್ಕೆ ಶುಂಠಿಯೊಂದೇ ಉತ್ತರ. ಪ್ರಶ್ನೆಪತ್ರಿಕೆ ಪರಿಶೀಲಿಸಿದ ತಂಗಚ್ಚನ್, ಮಕ್ಕಳಿಗೆ ಕಷ್ಟದ ಪದವೆಂದು ಅದನ್ನು ಹೊಡೆದುಹಾಕಿ ‘ನೆಲದಡಿಯ ಕಾಂಡ’ ಎಂದು ಸುಲಭ ಮಾಡಿದ್ದರು. ಕೆಳಗಿನ ಆಯ್ಕೆಗಳನ್ನು ಮತ್ತೊಮ್ಮೆ ನೋಡಿರಲಿಲ್ಲ.

“ಹೆಚ್ಚು ಸರಿಯಾದ ಉತ್ತರ ಶುಂಠಿನೇ ಅಲ್ವಾ ಟೀಚರ್?” ಎಂದರು ತಂಗಚ್ಚನ್.

“ಹೆಚ್ಚು ಸರಿಯಾದದ್ದು ಅಂತ ನೀವು ಕೇಳಿಲ್ಲ. ಆಲೂಗಡ್ಡೆ ಹೇಗೆ ಕಡಿಮೆ ಕಾಂಡ, ಹೇಳಿ ನೋಡೋಣ” ಎಂದೆ.

“ಮಾಷ್ ಮನುಷ್ಯರನ್ನ ಬಿಟ್ಟು ಈಗ ತರಕಾರಿ ತಿದ್ದೋಕೆ ಶುರು ಮಾಡಿದಾರೆ” ಎಂದು ನಕ್ಕು ತಂಗಚ್ಚನ್ ಸಹಿ ಹಾಕಿದರು. ಹೊರಗಿನಿಂದ ಕರೆಸಿದ ಪರಿಣತೆಯೂ ಹಾಕಿದರು. ಎರಡೂ ಉತ್ತರ ಸರಿ. ಎಲ್ಲ ಹಾಳೆಗಳನ್ನೂ ಮತ್ತೆ ಎಣಿಸಬೇಕು. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವುದು ನಮ್ಮ ನಿಯಮ. ಆದ್ದರಿಂದ ರಮ್ಸೀನಳಿಗೆ ಆ ಪ್ರಶ್ನೆಯ ಒಂದು ಅಂಕದ ಜೊತೆಗೆ ಕಳೆದಿದ್ದ ಕಾಲು ಅಂಕವೂ ಮರಳಿತು. ಅವಳು ಕಾಲು ಅಂಕದಿಂದ ಮುಂದೆ ಹೋದಳು.

ಅಂತಿಮ ಸೂಚಿಯನ್ನೂ ಪಟ್ಟಿಯನ್ನೂ ಬೆಳಗ್ಗೆ ಹಾಕಿದೆ. ಕೆಳಗೆ ‘ಬಂದ ಒಂದು ತಕರಾರಿನ ಮೇರೆಗೆ’ ಎಂದಷ್ಟೇ ಇತ್ತು. ಮಾಷ್ ತಮ್ಮ ಬೆಂಚಿನಲ್ಲಿ ಪತ್ರಿಕೆ ಹಿಡಿದು ಕೂತಿದ್ದರು. ಶೈಜಾ ಓದಿ, ಇನ್ನೊಮ್ಮೆ ಓದಿ, ಜಗಲಿಯಲ್ಲಿದ್ದ ಸಫಿಯಾಳ ಕಡೆ ತಿರುಗಿದಳು.

“ಹೊಲಿಗೆ ಮಿಷನ್ ತುಳಿಯೋಳು ಅಂದ್ಕೊಂಡಿದ್ದೆ ನಿನ್ನ. ಅರ್ಜಿ ಬರೆಯೋದೂ ಬರುತ್ತೆ ಅಲ್ವಾ? ಯಾರ ಕಾಲು ಹಿಡಿದು ಬರೆಸಿದೆ?”

“ಚೇಚಿ, ನಾನು ಏನೂ ಬರೆದಿಲ್ಲ. ದೇವರಾಣೆ ನನಗೆ ಗೊತ್ತೇ ಇಲ್ಲ.”

“ದೇವರು ಬಂದು ಬರೆದು ಹೋದನಾ ಹಾಗಾದ್ರೆ? ನಾಳೆಯಿಂದ ನಿನ್ನ ಅಂಗಡಿ ಮೆಟ್ಟಿಲು ಯಾರು ಹತ್ತುತಾರೆ ನೋಡ್ತೀನಿ.”

ಅಲ್ಲಿದ್ದ ಹೆಂಗಸರು ಸಫಿಯಾಳಿಂದ ಸ್ವಲ್ಪ ದೂರ ಸರಿದು ನಿಂತರು. ರಮ್ಸೀನ ತಾಯಿಯ ಸೆರಗು ಹಿಡಿದು, “ಹೋಗೋಣ ಉಮ್ಮ, ನನಗೆ ಬೇಡ ಇದು” ಎಂದಳು. ಅನಘಾ ಕಾರ್ಬನ್ ಪ್ರತಿಯನ್ನು ಮಡಚುತ್ತಿದ್ದಳು.

ನಾನು ಬಾಯಿ ತೆರೆಯಬೇಕೆಂದಿದ್ದೆ. ಆದರೆ ಹೆಸರು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ. “ಸಫಿಯಾ ಅಲ್ಲ ಬರೆದಿದ್ದು” ಎಂದೆ. ಶೈಜಾ, “ನೀವೂ ಅವಳ ಕಡೆ” ಎಂದಳು.

ಆಗ ಮಾಷ್ ಪತ್ರಿಕೆ ಮಡಚಿಟ್ಟು ಎದ್ದರು. ಯಾರ ಮುಖವನ್ನೂ ನೋಡಲಿಲ್ಲ. ಫಲಕದ ಹತ್ತಿರ ಬಂದು ನೋಟೀಸಿನ ಪಿನ್ನುಗಳನ್ನು ಕಿತ್ತು ಹಾಳೆಯನ್ನು ಬೆಂಚಿನ ಮೇಲೆ ಹಾಸಿದರು.

“ಅಮ್ಮಾವ, ಏನು ಮಾಡ್ತಿದೀರಾ?” ಎಂದು ಸೋದರಮಾವನನ್ನು ಕೇಳಿದಳು ಶೈಜಾ.

ಅವರು ಕಿಸೆಯಿಂದ ಪೆನ್ನು ತೆಗೆದರು. ‘ಬಂದ ಒಂದು ತಕರಾರಿನ’ ಎಂಬುದರ ಮೊದಲು ‘ಕೆ. ಭಾರ್ಗವನ್ ಅವರಿಂದ’ ಎಂದು ಸೇರಿಸಿದರು. ಹಾಳೆಯನ್ನು ಮತ್ತೆ ಫಲಕಕ್ಕಿಟ್ಟು ನಾಲ್ಕೂ ಮೂಲೆಗೆ ಪಿನ್ನು ಚುಚ್ಚಿ, ಸಫಿಯಾಳಿಗೆ ಓದಲು ಕಾಣುವಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು.