ಒಂದು ಪುಟದ ಪರಿಚಯಕ್ಕೆ ಎಷ್ಟು ಮರ್ಯಾದೆ

ನನಗೆ ಬಿರುದುಗಳನ್ನು ಕಂಡರೆ ಮೈ ಉರಿಯುತ್ತದೆ. ಗೋಕಾಕದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಮೇಲೆ ಊರಿನವರು ನನಗೆ ಹಚ್ಚಿದ ಕೆಲಸ ಎಂದರೆ ಸನ್ಮಾನದ ಪರಿಚಯ ಬರೆಯುವುದು. ಬರೆದು ಕೊಟ್ಟದ್ದನ್ನು ವೇದಿಕೆಯಲ್ಲಿ ಓದುವವರು ತಮ್ಮ ಕಡೆಯಿಂದ ನಾಲ್ಕು ಬಿರುದು ಸೇರಿಸಿಯೇ ಓದುತ್ತಾರೆ. ಸನ್ಮಾನ ಮಾಡಿಸಿಕೊಳ್ಳುವವರು ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿರುತ್ತಾರೆ. ಕೆಳಗೆ ಕೂತ ನಾನು ಹಲ್ಲು ಕಡಿಯುತ್ತಿರುತ್ತೇನೆ.

ಹೋದ ವರ್ಷ ಹುಕ್ಕೇರಿಯ ಹಿರಿಯರೊಬ್ಬರು ನಮ್ಮ ಕಡೆಯ ಕಲಾವಿದರ ಪರಿಚಯಗಳ ಪುಸ್ತಕ ಮಾಡಲು ಹೊರಟರು. ಒಬ್ಬರಿಗೆ ಒಂದು ಪುಟ. ಮೂಡಲಗಿ ಹತ್ತಿರದ ಹಳ್ಳಿಯ ಡೊಳ್ಳಿನ ಪದದ ಹಾಡುಗಾರರೊಬ್ಬರ ಪುಟ ನನ್ನ ಪಾಲಿಗೆ ಬಂತು. ಕುರುಬರ ಮನೆತನದವರು, ಹಾಡಿಗೆ ಹೋಗದ ದಿನ ಕುರಿ ಹಿಂದೆ ಹೋಗುವವರು. ಹಾಡು ಕೇಳುವವರೆಲ್ಲ ಅವರನ್ನು ಕಾಕಾ ಅನ್ನುತ್ತಾರೆ. ನಾನೂ ಹಾಗೇ ಅಂದೆ, ಅವರ ಹೆಂಡತಿಯನ್ನು ಕಾಕು ಅಂದೆ. ಶಾಲೆಯಲ್ಲಿ ಕಲಿಸಿದವಳಾದ್ದರಿಂದ ಅವರಿಗೆ ನಾನು ಅಕ್ಕೋರು.

ಹುಕ್ಕೇರಿಯ ಹಿರಿಯರು ಮಾದರಿಯನ್ನೂ ಕಳಿಸಿದ್ದರು. ಎಲ್ಲರ ಪುಟವೂ ಒಂದೇ ಥರ ಶುರುವಾಗಬೇಕು: ಪೂಜ್ಯ, ಸನ್ಮಾನ್ಯ, ಜಾನಪದ ಗಾನ ಸಾರ್ವಭೌಮ, ಶ್ರೀ. ಆಮೇಲೆ ಪ್ರತಿ ವಾಕ್ಯಕ್ಕೂ ಒಂದು 'ಶ್ರೀಯುತರು'. ಹುಟ್ಟಿದರು ಅನ್ನುವ ಹಾಗಿಲ್ಲ, ಜನ್ಮ ತಾಳಿದರು ಅನ್ನಬೇಕು. ಅವರ ಮೇಲೆ ನನಗೆ ಸಿಟ್ಟು ಬಂತಾದರೂ ಅವರ ಕಷ್ಟ ಬೇರೆಯೇ ಇತ್ತು. ಹಿಂದೊಮ್ಮೆ ಯಾರದೋ ಹೆಸರಿಗೆ 'ಶ್ರೀ' ಬಿಟ್ಟುಹೋಗಿ, ಆ ಮನೆಯವರು ಇವರ ಮಗಳ ಮದುವೆಗೂ ಬಂದಿರಲಿಲ್ಲವಂತೆ. ಅಂದಿನಿಂದ ಅವರು ಬಿರುದನ್ನು ಉಪ್ಪಿನ ಹಾಗಲ್ಲ, ಅನ್ನದ ಹಾಗೇ ಬಡಿಸುತ್ತಾರೆ. ಒಳ್ಳೆಯ ಮನುಷ್ಯ. ಸುಮ್ಮನೆ ಜಗಳ ಬೇಡವೆಂದು ಅವರ ಮಾದರಿಯಲ್ಲೇ ಒಂದು ಪುಟ ಬರೆದು, ಅರಭಾವಿ ದಾಟಿ ಹೋಗುವ ಬಸ್ಸು ಹಿಡಿದು ಕಾಕಾರ ಮನೆಗೆ ಹೋದೆ.

ಕಾಕಾ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದರು. ಓದಿದೆ. ಗಾನ ಸಾರ್ವಭೌಮ ಬರುವ ಹೊತ್ತಿಗೆ ಅವರ ಮುಖ ಸಪ್ಪಗಾಯಿತು. ಎರಡನೇ 'ಶ್ರೀಯುತರು' ದಾಟುವಷ್ಟರಲ್ಲಿ ಕೈ ಅಡ್ಡ ಹಿಡಿದರು.

"ಅಕ್ಕೋರ, ನಾ ಇನ್ನೂ ಅದೀನ್ರಿ," ಎಂದರು. "ಇದು ತಿಥಿ ಕಾರ್ಡಿನ್ಯಾಗ ಓದಿದಂಗ ಆಗಾಕತ್ತೈತಿ."

ಒಳಗೆ ಚಹಾ ಕಾಸುತ್ತಿದ್ದ ಕಾಕು ನಕ್ಕದ್ದು ಹೊರಗೆ ಕೇಳಿತು. ನನಗೋ ಹಬ್ಬ. ನಾನು ಹೇಳಬೇಕೆಂದಿದ್ದನ್ನು ಅವರೇ ಹೇಳಿದ್ದರು. ಈ ಪುಟ ಛಾಪಿಸಿದರೆ ಬಿಡುಗಡೆಗೆ ಹುಕ್ಕೇರಿಗೆ ಬರುವುದೇ ಇಲ್ಲ, ನಾಕು ಮಂದಿ ಮುಂದೆ ಇಂಥ ಮಾತು ಕೇಳಿಕೊಂಡು ಹೆಂಗ ಕೂಡೂದು ಎಂದು ಕಾಕಾ ಖಡಾಖಂಡಿತ ಹೇಳಿದರು.

ಮನೆಗೆ ಬಂದವಳು ಎಲ್ಲವನ್ನೂ ಕಿತ್ತು ಒಗೆದೆ. ಕಥೆ ಹೇಳುವವರ ಹಾಗೆ, ಹುಟ್ಟಿದ, ಕುರಿ ಕಾಯ್ದ, ಹಾಡಿದ ಎಂದು ಸರಾಗವಾಗಿ ಬರೆದೆ. ಓದಿಕೊಂಡು ನನಗೇ ಖುಷಿಯಾಯಿತು. ಏನು ಚಂದ, ಏನು ಹಗುರ! ಮುಂದಿನ ವಾರ ಹೋಗಿ ಅದನ್ನು ಓದಿದಾಗ ಕಾಕಾ ತಲೆದೂಗಿದರು. ಆದರೆ ಕಾಕು ಕಪ್ಪುಬಸಿ ಎತ್ತಿಕೊಂಡು ಒಳಗೆ ಹೋದರು. ನಾನು ಹೊರಟಾಗ ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಬಂದರು. ಅಲ್ಲಿ ನಿಂತು, ಸೆರಗು ಸರಿಮಾಡಿಕೊಂಡು, ಮೆಲ್ಲಗೆ ಹೇಳಿದರು:

"ಊರಾಗ ಹೊಲ-ಮನಿ ಇದ್ದವರ ಸಣ್ಣ ಹುಡುಗ್ರೂ ಇವರಿಗೆ ಬಾರೋ, ಹೋಗೋ ಅಂತಾರ್ರಿ. ಕೂದಲು ಬೆಳ್ಳಗಾದ್ರೂ ಅದ ಐತಿ. ಪುಸ್ತಕದಾಗರ 'ಬಂದರು' ಅಂತ ಇರ್ಲಿ, ಅಕ್ಕೋರ."

ನಾನು ಬಸ್ಸಿನಲ್ಲಿ ಕೂತು ಕಲ್ಲೋಳಿ ಬರುವವರೆಗೂ ಕಿಟಕಿಯ ಹೊರಗೆ ನೋಡಲಿಲ್ಲ. ನನ್ನಂಥವಳಿಗೆ ಹುಟ್ಟಿದಂದಿನಿಂದ ಮರ್ಯಾದೆ ಕೇಳದೆ ಸಿಕ್ಕಿದೆ. ಹೀಗಾಗಿ ಅದನ್ನು ಕಿತ್ತು ಒಗೆಯುವುದು ನನಗೆ ಶೋಕಿ. ಆ ಹೆಂಗಸಿಗೆ ಅದು ಗಂಡನಿಗೆ ಒಮ್ಮೆಯಾದರೂ ಅಚ್ಚಿನಲ್ಲಿ ಕೊಡಿಸಬೇಕಾದ ವಸ್ತು.

ಮೂರನೇ ಸಲ ಬರೆಯುವಾಗ ನಿಧಾನಕ್ಕೆ ಕೂತೆ. ಮೊದಲ ಸಾಲಿನಲ್ಲಿ ಹೆಸರು, ಅದಕ್ಕೆ ಮೊದಲು ಒಂದು 'ಶ್ರೀ', ಮುಗಿಯಿತು. ಮತ್ತೆ ಹೆಸರು ಬಂದಲ್ಲಿ ಬರೀ 'ಅವರು'. ಪ್ರತಿ ವಾಕ್ಯಕ್ಕೂ ಅದೂ ಬೇಡ, ನಮ್ಮ ಕನ್ನಡದಲ್ಲಿ 'ಹಾಡಿದರು', 'ಕಲಿಸಿದರು' ಅಂದರೆ ಅದರಲ್ಲೇ ಮರ್ಯಾದೆ ಕೂತಿರುತ್ತದೆ. ಅದೂ ಸಾಲಾಗಿ ಬಂದು ಕಿವಿಗೆ ಬಡಿದರೆ 'ಹುಟ್ಟಿದ್ದು ಇಲ್ಲಿ, ಪದ ಕಲಿತದ್ದು ಸೋದರಮಾವನಿಂದ' ಎಂದು ನಡುವೆ ಉಸಿರು ಬಿಡಬಹುದು. ಪಕ್ಕದ ಊರಿನವರು ಅವರಿಗೆ ನಿಜವಾಗಿ ಕೊಟ್ಟ ಬಿರುದೊಂದಿತ್ತು. ಅದನ್ನು ಹೆಸರಿಗೆ ಕಟ್ಟಲಿಲ್ಲ. ಬೆಳಗಿನ ತನಕ ಹಾಡಿದ್ದಕ್ಕೆ ಆ ಊರಿನವರು ಹೀಗೆ ಕರೆದು ಕಂಬಳಿ ಹೊದಿಸಿದರು ಎಂದು, ನಡೆದ ಜಾಗದಲ್ಲೇ ಇಟ್ಟೆ. ಕಾಕಾ ಎಂಬ ಕರೆಯನ್ನೂ ಒಂದೇ ಕಡೆ, ಜನರ ಬಾಯಲ್ಲೇ ಇಟ್ಟೆ. ಹುಕ್ಕೇರಿಯ ಹಿರಿಯರಿಗೆ ಫೋನಿನಲ್ಲಿ ಓದಿ ಹೇಳಿದೆ. ಶ್ರೀ ಇದೆಯಲ್ಲ, ಹಾಗಾದರೆ ಯಾರೂ ಮುನಿಯುವುದಿಲ್ಲ ಎಂದು ಅವರು ಒಪ್ಪಿದರು.

ಗೆದ್ದೆನೆಂದುಕೊಂಡು ಮೂರನೇ ಸಲ ಹೋದೆ. ಈ ಸಲ ಕಾಕುವೂ ಹೊರಗೆ ಬಂದು ಬಾಗಿಲಿಗೆ ಒರಗಿ ಕೂತರು. ಓದಿದೆ. 'ಬಂದರು' ಬಂದಾಗಲೆಲ್ಲ ಅವರ ಮುಖ ಅರಳುತ್ತಿತ್ತು. ಕೊನೆಗೆ, ಅವರು ಹಾಡಿಗೆ ಹೋದಾಗಲೆಲ್ಲ ಹೆಂಡತಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಕುರಿ ಕಾಯ್ದಳು, ಮರೆತ ಪದ ನೆನಪಿಸಿದಳು ಎಂಬ ಸಾಲು ಓದಿ ಹಾಳೆ ಮಡಚಿದೆ.

ಕಾಕಾ ಬಾಗಿಲಿಗೆ ಒರಗಿದ್ದ ಹೆಂಡತಿಯ ಕಡೆ ಕೈ ಮಾಡಿದರು.

"ನನಗ ಹಾಡಿದರು, ಬಂದರು. ಅಕಿಗಿ ಕಾಯ್ದಳು. ಯಾಕ್ರಿ ಅಕ್ಕೋರ?"

ಗಂಡಸರು ಬರೆದಿದ್ದರೆ ನಾನೇ ಕೆಂಡವಾಗುತ್ತಿದ್ದೆ. ಇಲ್ಲಿ ಬರೆದವಳು ನಾನು, ಹೆಂಗಸು, ಮೇಲೆ ಕನ್ನಡದ ಅಕ್ಕೋರು. ಕಾಕು ಮಾತ್ರ, ನಂದೇನ್ ತಗೀರಿ, ಹಂಗ ಇರ್ಲಿ ಎಂದು ಗಂಡನನ್ನೇ ಗದರಿಸಿದರು. ಕಾಕಾ ಬಿಡಲಿಲ್ಲ. ಅಕಿ ಇಲ್ಲಂದ್ರ ನನ್ನ ಹಾಡು ಎಲ್ಲಿಂದ ಬರ್ತಿತ್ತು, ಅಕಿದೂ ತಿದ್ದೇ ಹೋಗ್ರಿ ಎಂದು ಕೂತರು. ಬಾಯಲ್ಲಿ ಅವಳು ಅನ್ನುವ 'ಅಕಿ'ಯೇ ಇತ್ತು, ಅಷ್ಟೊಂದು ಮರ್ಯಾದೆ ತುಂಬಿದ 'ಅಕಿ'ಯನ್ನು ನಾನು ಇನ್ನೆಲ್ಲೂ ಕೇಳಿಲ್ಲ.

ಅಲ್ಲೇ ಪೆನ್ನು ತೆಗೆದು ತಿದ್ದಿದೆ, ಮತ್ತೆ ಓದಿದೆ: "ಅವರು ಹಾಡಿಗೆ ಹೋದಾಗಲೆಲ್ಲ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಕುರಿ ಕಾಯ್ದವರು ಅವರ ಹೆಂಡತಿ. ಮರೆತ ಪದಗಳನ್ನು ನೆನಪಿಸಿದವರೂ ಅವರೇ."

ಕಾಕು ಮತ್ತೊಮ್ಮೆ ಓದಿಸಿದರು. ಕೇಳಿ, ಗಂಡನ ಕಡೆ ನೋಡದೆ, ನನ್ನನ್ನೇ ನೋಡುತ್ತ ಹೇಳಿದರು:

"ಇಷ್ಟ ಮಾಡೀರಿ ಅಂದ್ರ, ನನ್ನ ಹೆಸರೂ ಹಾಕ್ರಿ."

ಮೂರು ಸಲ ಅವರ ಕೈಯಿಂದ ಚಹಾ ಕುಡಿದಿದ್ದ ನಾನು, ಆಗ ಮೊದಲ ಸಲ ಅವರ ಹೆಸರು ಕೇಳಿ ಬರೆದುಕೊಂಡೆ.