ಬಿಟ್ಟುಹೋದ 2x

ಮಗಳು ಹುಟ್ಟಿದ ಮೇಲೆ ಹತ್ತು ವರ್ಷ ನಾನು ಪಾಠ ಮಾಡಿರಲಿಲ್ಲ. ಮೂಡುಬಿದಿರೆಯ ಪಿಯು ಕಾಲೇಜೊಂದರಲ್ಲಿ ಗಣಿತಕ್ಕೆ ಜನ ಬೇಕೆಂದು ತಿಳಿದು ಅರ್ಜಿ ಹಾಕಿದೆ. ಡೆಮೊ ಕ್ಲಾಸಿಗೆ ಕರೆದರು. ನರಿಕೊಂಬಿನ ಮನೆಯಿಂದ ಹೊರಟು ಬಸ್ಸು ಹತ್ತಿದೆ. ಬಸ್ಸು ಸಿದ್ದಕಟ್ಟೆ ದಾಟಿದ ಮೇಲೆ, ಇಳಿದು ವಾಪಸು ಹೋಗಿಬಿಡೋಣವೇ ಎಂದು ಅನಿಸಿತು.

ತರಗತಿಯಲ್ಲಿ ಎಪ್ಪತ್ತು ಮಕ್ಕಳು. ಹಿಂದಿನ ಬೆಂಚಿನಲ್ಲಿ ಪ್ರಾಂಶುಪಾಲರು, ಪಕ್ಕದಲ್ಲಿ ಗಣಿತ ವಿಭಾಗದ ಹಿರಿಯರು.

"ಚೈನ್ ರೂಲ್ ಮಾಡಿ. ಒಂದರೊಳಗೊಂದು ಮೂರು ಫಂಕ್ಷನ್ ಇರುವಂಥದ್ದು" ಎಂದರು ಹಿರಿಯರು.

ಬೋರ್ಡಿನ ಮೇಲೆ y = sin(e^(x²)) ಎಂದು ಬರೆದೆ. "ಹೊರಗಿನಿಂದ ಒಳಗೆ ಹೋಗುವ. ಹೊರಗೆ sin ಉಂಟು, ಅದರ ಡೆರಿವೇಟಿವ್ cos. ಒಳಗಿನದ್ದನ್ನು ಹಾಗೇ ಇಡುವ. ಆಮೇಲೆ e ಯದ್ದು. ಅದರ ಡೆರಿವೇಟಿವ್ ಅದೇ." cos(e^(x²)) · e^(x²) ಎಂದು ಬರೆದು, ಕೆಳಗೆ ಗೆರೆ ಎಳೆದೆ.

ಹಿರಿಯರು ಏನೋ ಗೀಚಿಕೊಂಡರು. ಪ್ರಾಂಶುಪಾಲರು ಅವರ ಪುಸ್ತಕದತ್ತ ಬಗ್ಗಿದರು. ಎಲ್ಲೋ ತಪ್ಪಿದೆ ಎಂದು ಗೊತ್ತಾಯಿತು. ಎಲ್ಲಿ ಎಂದು ಮಾತ್ರ ಕಾಣಲಿಲ್ಲ. ಬೋರ್ಡಿನ ಅಕ್ಷರಗಳು ಯಾರೋ ಬೇರೆಯವರು ಬರೆದಂತೆ ತೋರುತ್ತಿದ್ದವು. ಸೀಮೆಸುಣ್ಣವನ್ನು ಮೇಜಿನ ಮೇಲೆ ಇಟ್ಟುಬಿಟ್ಟೆ.

ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ಒಂದು ಡೌಟ್ ಉಂಟು. x ಮೈನಸ್ ಆದರೂ ಪ್ಲಸ್ ಆದರೂ x² ಒಂದೇ ಅಲ್ವಾ? ಹಾಗಾದ್ರೆ ಗ್ರಾಫ್ ಎರಡೂ ಬದಿಗೆ ಒಂದೇ ರೀತಿ ಇರ್ತದೆ. ಸೊನ್ನೆಯಲ್ಲಿ ಸ್ಲೋಪ್ ಸೊನ್ನೆ ಬರ್ಬೇಕಲ್ಲ?"

ಡೆರಿವೇಟಿವ್ ಎಂದರೆ ಆ ಸ್ಲೋಪೇ; ನನ್ನ ಉತ್ತರದಲ್ಲಿ x ಗೆ ಸೊನ್ನೆ ಹಾಕಿದೆ. e ಯ ಘಾತ ಸೊನ್ನೆಯಾಗಿ ಅದು ಒಂದಾಯಿತು. ಉಳಿದದ್ದು cos 1, ಅಂದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಸೊನ್ನೆಯಲ್ಲ. ಮಕ್ಕಳಿಗೆ ಏನೋ ನೆಪ ಹೇಳಿ, ಬೇಕೆಂದೇ ತಪ್ಪು ಬರೆದೆ ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ನಾನು ತಪ್ಪು ಮಾಡಿದೆ" ಎಂದೆ. "e ಯದ್ದು ಅದೇ ಬಂತಲ್ಲ, ಹಾಗಾಗಿ ಮುಗಿಯಿತು ಅಂತ ನಿಂತೆ. ಆದರೆ ಅದರ ಒಳಗೆ ಇನ್ನೊಂದು ಉಂಟು. x². ಅದರ ಡೆರಿವೇಟಿವ್ ಯಾರು ಹೇಳ್ತೀರಿ?"

"2x!" ಇಡೀ ತರಗತಿ ಕೂಗಿತು.

ಗೆರೆ ಒರೆಸಿ cos(e^(x²)) · e^(x²) · 2x ಎಂದು ಪೂರ್ತಿ ಮಾಡಿದೆ. ಈಗ ಸೊನ್ನೆ ಹಾಕಿದರೆ ಸೊನ್ನೆಯೇ ಬಂತು. ಹುಡುಗಿ ಕೂತಳು.

ಹೊರಗೆ ವರಾಂಡದಲ್ಲಿ ಅರ್ಧ ಗಂಟೆ ಕೂರಿಸಿದರು. ಕೆಲಸ ಸಿಗುವುದಿಲ್ಲವೆಂದು ನಿರ್ಧರಿಸಿಕೊಂಡೇ ಕೂತಿದ್ದೆ. ಹಿರಿಯರು ಬಂದಾಗ ಎದ್ದು ನಿಂತೆ.

"ತಪ್ಪು ಒಪ್ಪಿಕೊಂಡದ್ದು ಸರಿ. ಆದ್ರೆ ಆ ತಪ್ಪು ನೀವೇ ಹಿಡೀಬೇಕಿತ್ತು" ಎಂದರು. ಆಮೇಲೆ, "ಮೂರು ತಿಂಗಳು ನೋಡ್ತೇವೆ. ಸೋಮವಾರ ಬನ್ನಿ" ಎಂದರು.

ಹೂಂ ಎಂದೆ. ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಸಂತೋಷಕ್ಕಿಂತ ಸೋಮವಾರದ ಹೆದರಿಕೆಯೇ ಹೆಚ್ಚಾಗಿತ್ತು.