ಹೊಟ್ಟೆಯ ಮೇಲೆ ಹೊರಿಸಿದ ವಾಸನೆ

ಬಾಶೆಟ್ಟಿಹಳ್ಳಿಯ ಕಾರ್ಖಾನೆಗೆ ಹೋಗುವ ಶಿಫ್ಟ್ ಬಸ್ಸಿನಲ್ಲಿ ನಾನು ಎಲ್ಲರನ್ನೂ ಅಣಕಿಸುತ್ತಿದ್ದೆ. ಸೂಪರ್‌ವೈಸರ್ ಕೆಮ್ಮುವುದು, ಕ್ಯಾಂಟೀನಿನವರು ಸಾಂಬಾರಿನ ಸೌಟು ಅಲ್ಲಾಡಿಸಿ ತರಕಾರಿ ಉಳಿಸುವುದು, ನಾನೇ ಕನ್ನಡಿ ಮುಂದೆ ಕ್ರಾಪು ತಿದ್ದುವುದು, ಯಾವುದನ್ನೂ ಬಿಡುತ್ತಿರಲಿಲ್ಲ. ಬರಬರುತ್ತಾ ನೋಡುವವರು ಎರಡು ಸೀಟು ಹಿಂದೆ ಸರಿದರು. ಕಲಾವಿದನಿಗೆ ಜಾಗ ಬಿಡುತ್ತಿದ್ದಾರೆಂದು ನಾನು ಹಿಗ್ಗಿದೆ.

ಒಂದು ಬೆಳಗ್ಗೆ, ಮಧುರೆ ಹಳ್ಳಿಯಿಂದ ಬರುವ ಪ್ಯಾಕಿಂಗ್ ವಿಭಾಗದ ಅಕ್ಕ ಪಕ್ಕದಲ್ಲಿ ಬಂದು ಕೂತರು.

"ಬೇಜಾರ್ ಮಾಡ್ಕೋಬೇಡ ಕಣಪ್ಪಾ. ನಿನ್ ಬಾಯಿ ವಾಸ್ನೆ ಬರ್ತದೆ. ಅದ್ಕೇ ಎಲ್ರೂ ದೂರ ಕೂರ್ತಾರೆ."

ಬಾಯಿಗೆ ಬಂದದ್ದೆಲ್ಲ ಆಡುವ ನಾನು ಅಂಗೈಯಿಂದ ಬಾಯಿ ಮುಚ್ಚಿಕೊಂಡೆ. ಕೈ ತೆಗೆಯದೆಯೇ "ಗ್ಯಾಸು ಅಕ್ಕ" ಎಂದೆ. ಅದು ಅಮ್ಮನ ತೀರ್ಪು. ತಿಂಗಳುಗಟ್ಟಲೆ ಜೀರಿಗೆ ಕಷಾಯ ಕುಡಿಸಿದ್ದಳು. ಗೆಳೆಯನೊಬ್ಬ ಸೈನಸ್ ಅಂದದ್ದಕ್ಕೆ ಹಬೆಯನ್ನೂ ತೆಗೆದುಕೊಂಡಿದ್ದೆ.

"ಹಲ್ಲುಜ್ಜಿದ್ರೆ ರಕ್ತ ಬರ್ತದಾ?"

"ಬರೋದು. ಅದ್ಕೇ ಅಲ್ಲಿ ಉಜ್ಜೋದೇ ಬಿಟ್ಬಿಟ್ಟೆ."

"ಅಯ್ಯೋ ದಡ್ಡ! ಇವತ್ತೇ ಹಲ್ಲಿನ ಡಾಕ್ಟ್ರ ಹತ್ರ ಹೋಗು. ಉದುರೋಗ್ತವೆ."

ಹಲ್ಲುದುರಿದರೆ ನಾನು ಯಾರ ದನಿ ತೆಗೆದರೂ ನಮ್ಮ ತಾತನದೇ ಆಗುತ್ತದೆ! ಶಿಫ್ಟ್ ಮುಗಿಸಿ ನೇರ ದೊಡ್ಡಬಳ್ಳಾಪುರದ ಕ್ಲಿನಿಕ್ಕಿಗೆ ಹೋದೆ.

ಡಾಕ್ಟರಮ್ಮ ಮೂಗು ಕಟ್ಟುತ್ತದೆಯೇ, ಹುಳಿತೇಗು ಬರುತ್ತದೆಯೇ ಎಂದು ಕೇಳಿದರು. ಎರಡೂ ಇರಲಿಲ್ಲ. ಬಾಯಿ ಮುಚ್ಚಿಸಿ ಮೂಗಿನಿಂದ ಉಸಿರು ಬಿಡಿಸಿದರು, ಆಮೇಲೆ ಬಾಯಿಂದ.

"ಮೂಗಿಂದ ಏನಿಲ್ಲ, ಬಾಯಿಂದ್ಲೇ. ಹೊಟ್ಟೆ ಪಾಪ, ಸುಮ್ನೆ ಬೈಸ್ಕೊಂಡಿದೆ."

ಅಳತೆಯ ಗೆರೆಗಳಿದ್ದ ತೆಳು ಕಡ್ಡಿಯನ್ನು ವಸಡಿನ ಅಂಚಿಗೆ ಇಳಿಸಿದರು. ರಕ್ತ ಜಿನುಗಿತು. ಹಲ್ಲಿಗೂ ವಸಡಿಗೂ ನಡುವೆ ಆಳವಾದ ಸಂದಿಗಳಾಗಿದ್ದವು. ಎಕ್ಸ್‌ರೇಯಲ್ಲಿ ಮೂಳೆ ಸ್ವಲ್ಪ ಸವೆದಿತ್ತು. ಹೋದದ್ದು ಮರಳದು, ಉಳಿದದ್ದನ್ನು ಕಾಪಾಡಬಹುದು ಎಂದರು.

"ಕ್ಲೀನ್ ಮಾಡಿದ್ರೆ ಹಲ್ಲು ಸಡ್ಲ ಆಗಲ್ವಾ ಮೇಡಂ?"

"ಸಡ್ಲ ಮಾಡೋದು ಒಳ್ಗೆ ಕಲ್ಲಾಗಿ ಕೂತಿರೋ ಕೊಳೆ, ಗಾರೆ ಕಣಪ್ಪ, ಅದನ್ನ ತೆಗಿಯೋದಲ್ಲ."

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಎರಡು ದಿನ ಕರೆಸಿ ವಸಡಿನ ಒಳಗಿನವರೆಗೂ ಶುಚಿ ಮಾಡಿದರು. ಮೃದುವಾದ ಬ್ರಷ್ಷನ್ನು ವಸಡಿನ ಕಡೆ ಓರೆ ಹಿಡಿದು ದಿನಕ್ಕೆರಡು ಸಲ ಉಜ್ಜಬೇಕು, ಸಂದಿಗೆ ಪುಟ್ಟ ಬ್ರಷ್ಷು, ನಾಲಿಗೆಯನ್ನೂ ಬಿಡಬಾರದು, ರಕ್ತ ಕಂಡರೂ ನಿಲ್ಲಿಸಬಾರದು ಎಂದು ಹೇಳಿಕೊಟ್ಟರು. ಕೆಲವು ವಾರಗಳಲ್ಲಿ ರಕ್ತ ನಿಂತಿತು. ವಾಸನೆ ಹೋಯಿತೆಂಬುದನ್ನು ಅಮ್ಮ ಒಪ್ಪಿಕೊಂಡಳು, ಕಷಾಯದಿಂದಲೇ ಎಂದು! ಮತ್ತೆ ಕಡ್ಡಿ ಇಳಿಸಿ ನೋಡಿದ ಡಾಕ್ಟರಮ್ಮ, "ಹಲ್ಲು ಉಳೀತವೆ, ಮೂರು ತಿಂಗಳಿಗೊಮ್ಮೆ ಬಂದು ತೋರ್ಸು" ಎಂದರು.

ಮರುದಿನ ಬಸ್ಸಿನಲ್ಲಿ ಅಕ್ಕನಿಗೆ ಕೈಮುಗಿದೆ. ಅವರು ನಗಲಿಲ್ಲ.

"ನಮ್ಮಣ್ಣಂಗೂ ಹಿಂಗೇ ಆಗಿತ್ತು. ನೊಂದ್ಕೊತಾನೆ ಅಂತ ನಾನು ಹೇಳ್ಲೇ ಇಲ್ಲ. ಮುಂದಿನ್ ನಾಕು ಹಲ್ಲು ಹೋದ್ವು ಕಣಪ್ಪಾ."

"ಮಿಕ್ಕಿದ್ ಹಲ್ಲು ಇನ್ನೂ ಇದಾವಲ್ಲ ಅಕ್ಕ?"

ಆ ವಾರದ ರಜೆಯ ದಿನ ಅವರಣ್ಣನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕ್ಲಿನಿಕ್ಕಿಗೆ ಕರೆತರಲು ನಾನೇ ಮಧುರೆಗೆ ಹೋದೆ.